ಮಂಗನ ಕಾಯಿಲೆಗೆ ಸೊಳ್ಳೆ ಪರದೆ

ದರಗು ತರಲು ಕಾಡಿಗೆ ಹೊರಟಿದ್ದ ತೀರ್ಥಹಳ್ಳಿಯ ನಮ್ಮ ಚಿಕ್ಕಮ್ಮ, ಮೊಬೈಲಿಗೆ ಬಂದ ಮಂಗನ ಕಾಯಿಲೆಯ ಲೇಖನವೊಂದನ್ನು ನನ್ನಿಂದ ಓದಿಸಿದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಬರುವ ಈ ರೋಗಕ್ಕೆ ಆ ಲೇಖನವು ಎಳ್ಳಷ್ಟೂ ಅಳುಕಿಲ್ಲದೆ ಸೊಳ್ಳೆ ಪರದೆ, ಕುದಿಸಿದ ನೀರು, ಸಮತೋಲಿತ ಆಹಾರಗಳನ್ನು ಸೂಚಿಸಿತ್ತು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬ ಮಾತೇ ಇರಲಿಲ್ಲ. ‘ಅಧ್ಯಯನಗಳು ಹೇಳುತ್ತವೆ’ ಎಂದಿತ್ತು, ಯಾವ ಅಧ್ಯಯನವೆಂದಿಲ್ಲ. ಕೊನೆಗೆ ‘ವೈದ್ಯರನ್ನು ಸಂಪರ್ಕಿಸಿ’ ಎಂಬ, ಮಂಡಿನೋವಿಗೂ ಹೊಂದುವ ಎಚ್ಚರಿಕೆ.

ರೋಗದ ಹೆಸರಿನ ಜಾಗದಲ್ಲಿ ಡೆಂಗಿ ಎಂದು ಹಾಕಿ ಓದಿದೆ. ಒಂದು ವಾಕ್ಯವೂ ತೊಡಕಲಿಲ್ಲ. ಮೈಗಳ್ಳ ಮನುಷ್ಯನೂ ಹೀಗೆ ಬರೆದಾನು, ಹಾಗಾಗಿ ಯಂತ್ರದ ಬರಹವೆಂದು ಆಣೆ ಮಾಡಲಾರೆ, ಆದರೆ ನನ್ನ ಗುಮಾನಿ ಅತ್ತಲೇ. ಚಿಕ್ಕಮ್ಮನಿಗೆ ಅದೆಲ್ಲ ಬೇಕಿರಲಿಲ್ಲ: “ಉಣುಗಿನ ಸುದ್ದೀನೇ ಇಲ್ವಲ್ಲೋ ಮಾರಾಯ!”