ಸಂಕಷ್ಟಿ ಮುಗಿದು ಮೂರು ದಿನ

ನೀರಿನ ಫಿಲ್ಟರ್ ಬಿಚ್ಚಿದ ಹುಡುಗ ಒಳಗಿನ ಕ್ಯಾಂಡಲನ್ನು ಹೊರಗೆಳೆದು, ಅದನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡಿದ. ಅದು ಸುಲಿದ ಮೂಲಂಗಿಯಷ್ಟು ಬೆಳ್ಳಗಿತ್ತು. "ಸಾರ್, ಇದನ್ನು ನಾನೇ ಹಾಕಿ ಹೋಗಿದ್ದೆ. ಇನ್ನೂ ಮೂರು ತಿಂಗಳೂ ಆಗಿಲ್ಲ" ಎಂದ. ನಾನು ಮೊಬೈಲ್ ತೆಗೆದು ಸಾಕ್ಷಿ ತೋರಿಸಿದೆ. "ಫಿಲ್ಟರ್ ಬದಲಿಸಬೇಕು, ಜುಲೈ 15" ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಹುಡುಗ ಪಾಪ, ಗಿರಾಕಿಯ ಜೊತೆ ವಾದ ಮಾಡಬಾರದೆಂದು ಹೊಸ ಕ್ಯಾಂಡಲ್ ಹಾಕಿ ದುಡ್ಡು ತೆಗೆದುಕೊಂಡು ಹೋದ.

ಆದದ್ದಿಷ್ಟು. ಒಂದು ಸಂಕ್ರಾಂತಿಯ ದಿನ ಎಳ್ಳುಬೆಲ್ಲ ತಿಂದ ಉಮೇದಿನಲ್ಲಿ ಮೊಬೈಲಿನ ಕ್ಯಾಲೆಂಡರಿಗೆ 'ಆರು ತಿಂಗಳಿಗೊಮ್ಮೆ ಫಿಲ್ಟರ್' ಎಂದು ತುಂಬಿದ್ದೆ. ಮುಂದಿನ ಜನವರಿ 15ಕ್ಕೆ ಅದು ನಿಷ್ಠೆಯಿಂದ ಎಚ್ಚರಿಸಿತು. ನಾನು ನಿಷ್ಠೆಯಿಂದ ಮುಂದೂಡಿದೆ. ಕ್ಯಾಂಡಲ್ ಕಾಫಿಪುಡಿಯ ಬಣ್ಣಕ್ಕೆ ತಿರುಗಿ, ಲೋಟ ತುಂಬುವುದರೊಳಗೆ ಒಂದು ಸಂಕಟನಾಶನ ಸ್ತೋತ್ರ ಹೇಳಿ ಮುಗಿಸಬಹುದು ಎನ್ನುವಂತಾದಾಗ, ಅಂದರೆ ಏಪ್ರಿಲ್ ಕೊನೆಗೆ, ಬದಲಿಸಿದೆವು. ಆದರೆ ಕ್ಯಾಲೆಂಡರಿಗೆ ಇದಾವುದೂ ತಿಳಿಯದು. ಅದರ ಪಾಲಿಗೆ ಜನವರಿ ಮುಗಿಯಿತು, ಮುಂದಿನದು ಜುಲೈ. ಕೆಲಸ ಆಯಿತೋ ಇಲ್ಲವೋ ಎಂದು ಅದು ಕೇಳುವುದೂ ಇಲ್ಲ. ಬಸ್ಸು ಹೊರಡುವ ಹೊತ್ತಿಗೆ ಹೊರಡುತ್ತದೆ, ನೀವು ಹತ್ತಿದಿರೋ ಬಿಟ್ಟಿರೋ ಕಂಡಕ್ಟರನಿಗೇನು?

ಅಂದಿನಿಂದ ನನಗೆ ಕ್ಯಾಲೆಂಡರಿನ ಮೇಲೆ ಮುನಿಸು. 'ಮಾಡಬೇಕಾದ ಕೆಲಸಗಳ' ಆ್ಯಪ್ ಒಂದನ್ನು ಹಾಕಿಕೊಂಡೆ. ಟೊಡೊಯಿಸ್ಟ್ ಎಂಬ ಆ ಆ್ಯಪ್‌ನಲ್ಲಿ ಒಂದು ಸೊಗಸಾದ ಸೂಕ್ಷ್ಮವಿದೆ. `every 6 months` ಎಂದು ಬರೆದರೆ ಲೆಕ್ಕ ಮೊದಲು ಗೊತ್ತುಮಾಡಿದ ದಿನದಿಂದಲೇ ನಡೆಯುತ್ತದೆ, ಕ್ಯಾಲೆಂಡರಿನ ಹಾಗೆಯೇ. `every! 6 months` ಎಂದು ಒಂದು ಉದ್ಗಾರ ಚಿಹ್ನೆ ಸೇರಿಸಿದರೆ, ನೀವು ಕೆಲಸ ಮುಗಿಸಿ ಗುರುತು ಹಾಕಿದ ದಿನದಿಂದ ಆರು ತಿಂಗಳು. ಏಪ್ರಿಲ್ 28ಕ್ಕೆ ಬದಲಿಸಿದರೆ ಅಕ್ಟೋಬರ್ 28. ಫಿಲ್ಟರಿಗೆ ಬೇಕಿದ್ದದ್ದು ಇದೇ, ಏಕೆಂದರೆ ಕ್ಯಾಂಡಲಿನ ಆಯುಸ್ಸು ಸಂಕ್ರಾಂತಿಯಿಂದ ಸಂಕ್ರಾಂತಿಗೆ ಅಲ್ಲ, ಅದನ್ನು ಕೂರಿಸಿದ ಗಳಿಗೆಯಿಂದ. ಸಾಲದೆಂಬಂತೆ, ಮಾಡದೆ ಬಿಟ್ಟ ಕೆಲಸ ಕೆಂಪಕ್ಷರದಲ್ಲಿ ಅಲ್ಲೇ ಕುಳಿತಿರುತ್ತದೆ. ನಮ್ಮ ಬೀದಿಯ ಚೀಟಿ ಆಂಟಿಯ ಹಾಗೆ, ಹಣ ಕೈಗೆ ಬರುವವರೆಗೂ ಜಗುಲಿಯಿಂದ ಏಳುವುದಿಲ್ಲ.

ಈ ಉದ್ಗಾರ ಚಿಹ್ನೆಯ ಮೇಲೆ ನನಗೆಂಥ ಪ್ರೀತಿ ಹುಟ್ಟಿತೆಂದರೆ, ಕಂಡದ್ದಕ್ಕೆಲ್ಲ ಹಚ್ಚಿದೆ. ಮನೆ ಬಾಡಿಗೆಗೂ ಹಚ್ಚಿದೆ.

ಬಾಡಿಗೆ ಪ್ರತಿ ತಿಂಗಳ 1ನೇ ತಾರೀಖು. ಮೊದಲ ತಿಂಗಳು ಎರಡು ದಿನ ತಡವಾಗಿ 3ಕ್ಕೆ ಕಳಿಸಿ ಗುರುತು ಹಾಕಿದೆ. ಆ್ಯಪ್ ಮುಂದಿನ ಗಡುವನ್ನು 3ಕ್ಕೆ ಇಟ್ಟಿತು. ಆ ತಿಂಗಳು ಗಡುವಿನಿಂದ ಮೂರೇ ದಿನ ತಡ, ಅಂದರೆ 6. ಮರುತಿಂಗಳು ಗಡುವು 6, ಕಳಿಸಿದ್ದು 9. ನನ್ನ ದೃಷ್ಟಿಯಲ್ಲಿ ನಾನು ಪ್ರತಿ ಸಲವೂ ಎರಡು ಮೂರು ದಿನವಷ್ಟೇ ತಡ ಮಾಡುವ ಸಭ್ಯ ಬಾಡಿಗೆದಾರ. ನಮ್ಮ ಮನೆಯ ಮಾಲೀಕರು ನಿವೃತ್ತ ಗಣಿತದ ಮೇಷ್ಟ್ರು. ಐದನೆಯ ತಿಂಗಳು 15ನೇ ತಾರೀಖು ಮೆಟ್ಟಿಲ ಬಳಿ ಸಿಕ್ಕವರು ಬಹಳ ವಿನಯದಿಂದ, "ಒಂದು ಸಂದೇಹ. ಈಗ ನೀವು ಕೊಡುತ್ತಿರುವುದು ಈ ತಿಂಗಳ ಬಾಡಿಗೆಯನ್ನು ತಡವಾಗಿಯೋ, ಮುಂದಿನ ತಿಂಗಳದ್ದನ್ನು ಮುಂಗಡವಾಗಿಯೋ?" ಎಂದು ಕೇಳಿದರು. ಮೂವತ್ತೈದು ವರ್ಷ ಮಕ್ಕಳ ಕಿವಿ ಹಿಂಡಿದ ಕೈಗಳು ಬೆನ್ನ ಹಿಂದೆ ಕಟ್ಟಿಕೊಂಡಿದ್ದವು. ಆ ರಾತ್ರಿ ಬಾಡಿಗೆಯನ್ನು ಕ್ಯಾಲೆಂಡರಿಗೆ ವಾಪಸು ಕಳಿಸಿದೆ. ನಾನು ತಡ ಮಾಡಿದೆನೆಂದು ಒಂದನೇ ತಾರೀಖು ಜರುಗುವುದಿಲ್ಲ.

(ಅಪಾರ್ಟ್‌ಮೆಂಟಿನಲ್ಲಿರುವ ತಂಗಿಗೂ ಇದೇ ಉಪದೇಶ ಮಾಡಿದೆ. ಅವಳು ತಿಂಗಳ ಕೊನೆಯ ನಿರ್ವಹಣಾ ಶುಲ್ಕಕ್ಕೆ 'ಪ್ರತಿ ತಿಂಗಳು 31' ಎಂದು ಹಾಕಿಕೊಂಡಳು. ಕ್ಯಾಲೆಂಡರ್‌ಗಳು ಅನುಸರಿಸುವ RFC 5545 ಎಂಬ ನಿಯಮಾವಳಿಯ ಪ್ರಕಾರ, ಇಲ್ಲದ ತಾರೀಖನ್ನು ಹಾರಿಸಿಬಿಡಬೇಕು. 31 ಇಲ್ಲದ ತಿಂಗಳು ವರ್ಷಕ್ಕೆ ಐದು. ಆ ಐದು ತಿಂಗಳೂ ಅವಳು ದಂಡ ಕಟ್ಟಿದಳು. ಈಗ 28ಕ್ಕೆ ಹಾಕಿದ್ದಾಳೆ, ನನ್ನ ಉಪದೇಶ ಕೇಳುವುದನ್ನು ಬಿಟ್ಟಿದ್ದಾಳೆ.)

ಇಷ್ಟರಲ್ಲಿ ಅಮ್ಮನ ಪ್ರವೇಶವಾಯಿತು. ಯಾವುದೋ ಹರಕೆಯ ಲೆಕ್ಕದಲ್ಲಿ ನಾನು ವರ್ಷವಿಡೀ ಸಂಕಷ್ಟಿಯ ಉಪವಾಸ ಮಾಡಬೇಕೆಂದು ಅವಳು ನನ್ನನ್ನು ಕೇಳದೆಯೇ ಗಣಪತಿಗೆ ಮಾತು ಕೊಟ್ಟಿದ್ದಳು. ಹಗಲೆಲ್ಲ ಉಪವಾಸ, ರಾತ್ರಿ ಚಂದ್ರನನ್ನು ನೋಡಿ ಊಟ. ಸಂಕಷ್ಟಿ ತಿಂಗಳಿಗೊಮ್ಮೆ ಬರುತ್ತದೆ ಎಂಬ ಭರವಸೆಯಲ್ಲಿ ಕ್ಯಾಲೆಂಡರಿನಲ್ಲಿ 'ಪ್ರತಿ 30 ದಿನ' ಎಂದು ಒತ್ತಿ ನೆಮ್ಮದಿಯಾಗಿದ್ದೆ. ಏಳನೆಯ ಸಲ ಬೆಳಗಿನಿಂದ ಹಸಿದುಕೊಂಡು, ಸಂಜೆ ದನಿಯಲ್ಲಿ ಸ್ವಲ್ಪ ನಿಶ್ಶಕ್ತಿ ಬೆರೆಸಿ ಊರಿಗೆ ಫೋನು ಮಾಡಿದೆ. "ಇವತ್ತು ಯಾಕೋ ಉಪವಾಸ? ಸಂಕಷ್ಟಿ ಮುಗಿದು ಮೂರು ದಿನವಾಯಿತಲ್ಲ" ಎಂದಳು ಅಮ್ಮ.

ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ. ನನ್ನ 30 ದಿನ ಪ್ರತಿ ಸಲವೂ ಅರ್ಧ ದಿನದಷ್ಟು ಹಿಂದೆ ಬೀಳುತ್ತಿತ್ತು. ಆರು ತಿಂಗಳಿಗೆ ಸುಮಾರು ಮೂರು ದಿನ. ಕ್ಯಾಲೆಂಡರಿಗೆ 29.53 ಎಂದು ತುಂಬೋಣವೆಂದರೆ ಅಲ್ಲಿ ಬಿಂದು ಹಾಕಲು ಜಾಗವಿಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಚಂದ್ರನ ವೇಗ ಒಂದೇ ಸಮನಿಲ್ಲ. ಒಂದು ತಿಥಿ ಸುಮಾರು 19 ಗಂಟೆಗೂ ಮುಗಿದೀತು, 26 ಗಂಟೆಗೂ ಎಳೆದೀತು. ಇನ್ನು ಆ್ಯಪ್‌ನ ಉದ್ಗಾರ ಚಿಹ್ನೆ? ನಾನು ಎಂದು ಉಪವಾಸ ಮಾಡಿದೆನೆಂದು ನೋಡಿ ಚಂದ್ರ ಮುಂದಿನ ಚೌತಿಯನ್ನು ಇಟ್ಟುಕೊಳ್ಳುವುದಿಲ್ಲ.

ಹಾಗಾದರೆ ಲೆಕ್ಕವನ್ನೇ ಹಾಕಬೇಕು. ತಿಥಿಯೆಂದರೆ ಚಂದ್ರನು ಸೂರ್ಯನಿಂದ ಎಷ್ಟು ಡಿಗ್ರಿ ದೂರ ಸರಿದಿದ್ದಾನೆ ಎಂಬುದಷ್ಟೇ. ಹನ್ನೆರಡು ಡಿಗ್ರಿಗೆ ಒಂದು ತಿಥಿ. ಹುಣ್ಣಿಮೆಗೆ ಹದಿನೈದು ಮುಗಿಯುತ್ತವೆ, ಬಹುಳ ಚೌತಿ ಹತ್ತೊಂಬತ್ತನೆಯದು. ಅದು ಚಂದ್ರೋದಯದ ಹೊತ್ತಿಗೆ ಇರಬೇಕು. ಒಂದು ಭಾನುವಾರ ಹೆಂಡತಿ ತರಕಾರಿ ತರಲು ಹೇಳಿದ್ದನ್ನು ಮರೆತು, ಪೈಥಾನಿನಲ್ಲಿ ಇದನ್ನು ಬರೆದೆ:

```python
import ephem, math
b = ephem.Observer()
b.lat, b.lon = '12.97', '77.59'
t = b.next_rising(ephem.Moon())
m = ephem.Ecliptic(ephem.Moon(t)).lon
s = ephem.Ecliptic(ephem.Sun(t)).lon
tithi = int(math.degrees(m - s) % 360 // 12) + 1
```

ಬೆಂಗಳೂರಿನ ಅಕ್ಷಾಂಶ ರೇಖಾಂಶ ಕೊಟ್ಟು, ಮುಂದಿನ ಚಂದ್ರೋದಯ ಹುಡುಕಿ, ಆ ಕ್ಷಣದ ಅಂತರವನ್ನು ಹನ್ನೆರಡರಿಂದ ಭಾಗಿಸಿದರೆ ಮುಗಿಯಿತು. ಉತ್ತರ 19 ಬಂದರೆ ನನ್ನ ಮೊಬೈಲಿಗೆ ಸಂದೇಶ. ಇದನ್ನು ದಿನಾ ಬೆಳಿಗ್ಗೆ ಏಳಕ್ಕೆ ಓಡಿಸಲು ಲ್ಯಾಪ್‌ಟಾಪಿನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್‌ಗೆ ಒಪ್ಪಿಸಿದೆ. ಮುಚ್ಚಿಟ್ಟ ಲ್ಯಾಪ್‌ಟಾಪಿನಲ್ಲಿ ಕ್ರಾನ್ ಕೂಡ ನಿದ್ದೆ ಮಾಡುತ್ತದೆ, ಎದ್ದ ಮೇಲೆ ತಪ್ಪಿಹೋದ ಕೆಲಸವನ್ನು ಹಿಂತಿರುಗಿ ನೋಡುವುದಿಲ್ಲ ಎಂದು ಗೊತ್ತಾಗಲು ಒಂದು ಸಂಕಷ್ಟಿ ಬೇಕಾಯಿತು. ಸದಾ ಎಚ್ಚರವಿರುವ ಒಂದು ಸರ್ವರನ್ನು ಬಾಡಿಗೆಗೆ ಹಿಡಿದೆ. (ಅದರ ಬಾಡಿಗೆ ಕ್ಯಾಲೆಂಡರಿನಲ್ಲಿದೆ.)

ಮುಂದಿನ ಸಂಕಷ್ಟಿಯ ದಿನ ಕಚೇರಿಯ ಕ್ಯಾಂಟೀನಿನಲ್ಲಿ ಈರುಳ್ಳಿ ದೋಸೆಯ ಕೊನೆಯ ತುಂಡನ್ನು ಚಟ್ನಿಯಲ್ಲಿ ಅದ್ದುತ್ತಿದ್ದೆ. ಮೊಬೈಲ್ ಗುನುಗಿತು: "ಇಂದು ಸಂಕಷ್ಟಿ. ಏನೂ ತಿನ್ನಬೇಡ." ಗಂಟೆ ಮಧ್ಯಾಹ್ನ ಹನ್ನೆರಡೂವರೆ. ಸರ್ವರಿನ ಗಡಿಯಾರ ಯುಟಿಸಿ ಸಮಯದಲ್ಲಿತ್ತು. ಅದರ ಬೆಳಗಿನ ಏಳು ಎಂದರೆ ನಮಗೆ ಐದೂವರೆ ಗಂಟೆ ಕಳೆದ ಮೇಲೆ. ಎದುರಿಗೆ ಕುಳಿತಿದ್ದ ಸಹೋದ್ಯೋಗಿ "ಏನು, ಕೆಟ್ಟ ಸುದ್ದಿಯಾ?" ಎಂದು ಕೇಳಿದರು. ಕೈಯಲ್ಲಿದ್ದ ತುಂಡನ್ನು ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅಮ್ಮ ಓದುತ್ತಾಳೆ. ಸಂಜೆ ಕ್ರಾನ್‌ನ ಸಾಲನ್ನು ಹೀಗೆ ತಿದ್ದಿದೆ, ಅಲ್ಲಿಯ ಒಂದೂವರೆ ನಮ್ಮ ಏಳು:

```
30 1 * * * python3 /home/me/sankashti.py
```

ಅಲ್ಲಿಂದ ಮೂರು ತಿಂಗಳು ಸುಖವಾಗಿತ್ತು. ನಾಲ್ಕನೆಯ ತಿಂಗಳು ಸಂದೇಶವೇ ಇಲ್ಲ. ಸುಮ್ಮನಿರುವ ಸ್ಕ್ರಿಪ್ಟಿನ ತೊಂದರೆ ಇದೇ. ಇಂದು ಸಂಕಷ್ಟಿ ಅಲ್ಲವಾದ್ದರಿಂದ ಸುಮ್ಮನಿದೆಯೋ, ಸತ್ತುಹೋಗಿ ಸುಮ್ಮನಿದೆಯೋ, ಹೊರಗಿನಿಂದ ಎರಡೂ ಒಂದೇ. ನೋಡಿದರೆ ಸರ್ವರಿನಲ್ಲಿ ಏನನ್ನೋ ಹೊಸದಾಗಿಸುವಾಗ ನಾನೇ ಸ್ಕ್ರಿಪ್ಟಿಗೆ ಬೇಕಾಗಿದ್ದ ಒಂದು ಕಡತವನ್ನು ಅಳಿಸಿದ್ದೆ. ಅದಕ್ಕೇ ಪ್ರತಿ ಸೋಮವಾರ "ಇನ್ನೂ ಬದುಕಿದ್ದೇನೆ" ಎಂದು ಒಂದು ಸಾಲು ಕಳಿಸುವಂತೆ ಮಾಡಿದೆ. ಒಂದು ಸೋಮವಾರ ಮೊಬೈಲ್ ಹೆಂಡತಿಯ ಕೈಯಲ್ಲಿತ್ತು. "ರೀ, ಯಾರಿದು? ವಾರವಾರ ಬದುಕಿದ್ದೇನೆ ಎಂದು ನಿಮಗೆ ಹೇಳಿಕೊಳ್ಳುವವರು?" ಎಂದಳು. ಪೈಥಾನ್ ಎಂದೆ. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಕೊನೆಯ ಪೆಟ್ಟು ಚಂದ್ರನೇ ಕೊಟ್ಟ. ಒಂದು ತಿಂಗಳು ಸ್ಕ್ರಿಪ್ಟ್ ಬದುಕಿತ್ತು, ಗಡಿಯಾರ ಸರಿಯಿತ್ತು, ಸಂದೇಶ ಮಾತ್ರ ಬರಲಿಲ್ಲ. ದಾಖಲೆ ತೆರೆದರೆ ಒಂದು ದಿನ 18, ಮರುದಿನ 20. ಹತ್ತೊಂಬತ್ತೇ ಇಲ್ಲ! ಚಂದ್ರೋದಯದಿಂದ ಚಂದ್ರೋದಯಕ್ಕೆ ಸುಮಾರು 24 ಗಂಟೆ 50 ನಿಮಿಷ. ಆ ಸಲದ ಚೌತಿ ಗಿಡ್ಡ. ಮೊದಲ ಚಂದ್ರೋದಯ ಆದ ಮೇಲೆ ಬಂದು, ಎರಡನೆಯದಕ್ಕೆ ಮೊದಲೇ ಹೊರಟುಹೋಗಿತ್ತು. ಇಂಥ ಸಂದರ್ಭಕ್ಕೆ ಏನು ಮಾಡಬೇಕೆಂದು ಪಂಚಾಂಗದವರು ಎಂದೋ ಗೊತ್ತುಮಾಡಿಕೊಂಡಿದ್ದಾರೆ, ನನ್ನ ಏಳು ಸಾಲುಗಳಿಗೆ ಗೊತ್ತಿರಲಿಲ್ಲ. ಅಮ್ಮನಿಗೆ ಫೋನು ಮಾಡಿ ತಿಥಿ, ಡಿಗ್ರಿ, ಯುಟಿಸಿ ಎಲ್ಲವನ್ನೂ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಪಂಚಾಂಗದಲ್ಲಿ ಬರೆದಿದ್ದಾರಲ್ಲೋ" ಎಂದಳು.

ಬರೆದಿದ್ದರು. ವರ್ಷಕ್ಕೆ ಹನ್ನೆರಡು ಸಂಕಷ್ಟಿ, ಅಧಿಕ ಮಾಸ ಬಂದರೆ ಹದಿಮೂರು. ಅಷ್ಟನ್ನೂ ಕ್ಯಾಲೆಂಡರಿಗೆ ಒಂದೊಂದಾಗಿ, ಪುನರಾವರ್ತನೆಯ ಗೊಡವೆಯಿಲ್ಲದೆ ತುಂಬಲು ನನಗೆ ಹಿಡಿದದ್ದು ಹನ್ನೊಂದು ನಿಮಿಷ. ಸ್ಕ್ರಿಪ್ಟಿಗೆ ಹೋದ ಭಾನುವಾರಗಳನ್ನು ನಾನು ಎಣಿಸಿಲ್ಲ, ಹೆಂಡತಿ ಎಣಿಸಿದ್ದಾಳೆ.

ಉಳಿದದ್ದು ಒಂದೇ: ಪ್ರತಿ ವರ್ಷ ಯುಗಾದಿಗೆ ಹೊಸ ಪಂಚಾಂಗ ತಂದು ತಾರೀಖುಗಳನ್ನು ತುಂಬಬೇಕು ಎಂಬ ನೆನಪೋಲೆ. ಖುಷಿಯಿಂದ ಕ್ಯಾಲೆಂಡರ್ ತೆರೆದು 'ಪ್ರತಿ ವರ್ಷ, ಯುಗಾದಿ' ಎಂದು ಬರೆಯಲು ಹೋದವನು ಬೆರಳನ್ನು ಅಲ್ಲೇ ತಡೆದೆ. ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಸ್ಕ್ರಿಪ್ಟ್ ಬರೆಯೋಣವೇ ಎಂಬ ಹಳೆಯ ಆಸೆ ತಲೆಯೆತ್ತಿತು. ಅಡುಗೆಮನೆಯಿಂದ ಹೆಂಡತಿ ಇಣುಕಿದಳು. ಕಡೆಗೆ ಆ್ಯಪ್‌ನಲ್ಲಿ, ಉದ್ಗಾರ ಚಿಹ್ನೆಯಿಲ್ಲದೆ, ಪ್ರತಿ ವರ್ಷ ಮಾರ್ಚ್ 10 ಎಂದು ಹಾಕಿದೆ. ಪಂಚಾಂಗ ಮನೆಗೆ ಬರುವವರೆಗೆ ಅದು ಕೆಂಪಕ್ಷರದಲ್ಲಿ ಜಗುಲಿಯ ಮೇಲೆ ಕುಳಿತಿರುತ್ತದೆ.

ಈ ವರ್ಷ ಅದು ಎಚ್ಚರಿಸುವ ಮೊದಲೇ, ಮಾರ್ಚ್ 8ಕ್ಕೆ, ಊರಿನಿಂದ ಅಂಚೆಯಲ್ಲಿ ಪಂಚಾಂಗ ಬಂತು. ಹದಿಮೂರು ಚೌತಿಗಳಿಗೂ ಅಮ್ಮ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು.