ವಾಚಿಗೆ ಎಲ್ಲವನ್ನೂ ತುಂಬಿಸಬೇಡಿ ಮಾರಾಯ್ರೆ

ಇವತ್ತಿನ ಮೀಟಿಂಗಿನಿಂದ ಬಂದು ಚಾ ಕುಡಿದರೂ ತಲೆ ತಣ್ಣಗಾಗಿಲ್ಲ, ಹಾಗಾಗಿ ಇಲ್ಲಿ ಬರೀತಿದ್ದೇನೆ. ನಾನು ಎಂತ ಕೆಲಸ ಮಾಡುದು ಅಂತ ನಿಮಗೆಲ್ಲ ಗೊತ್ತೇ ಉಂಟು. ಬಸ್ಸಿನವರಿಗೊಂದು ಆ್ಯಪ್ ಮಾಡ್ತಾ ಇದ್ದೇವೆ. ಯಾವ ಬಸ್ಸು ಅಂತ ಕೇಳಬೇಡಿ, ಮಂಗಳೂರು-ಉಡುಪಿ ನಡುವೆ ಓಡುವಂಥದ್ದು. ಫೋನಿನ ಆ್ಯಪ್ ಚೆನ್ನಾಗಿಯೇ ಬಂದಿದೆ. ಈಗ ಅದಕ್ಕೊಂದು ಸ್ಮಾರ್ಟ್‌ವಾಚ್ ಆ್ಯಪ್ ಬೇಕಂತೆ. ಬೇಕು, ಸರಿ. ಆದರೆ ಅವರು ಕೊಟ್ಟ ಪಟ್ಟಿ ನೋಡಿ: ರೂಟ್ ಹುಡುಕುವುದು, ಟಿಕೆಟ್ ಖರೀದಿ, ಮ್ಯಾಪ್, ಪಾಸ್ ನವೀಕರಣ, ದೂರು, ಆಫರ್. ಫೋನಿನಲ್ಲಿ ಇದ್ದದ್ದೆಲ್ಲ ಹಾಗೆಯೇ, ಬರೀ ಸಣ್ಣದಾಗಿ!

“ಸರ್, ವಾಚಿನಲ್ಲಿ ದೂರು ಬರೆಯುವುದು ಯಾರು?” ಅಂತ ಕೇಳಿದೆ. “ಆಪ್ಷನ್ ಇರಲಿ ಮಾರಾಯ್ರೆ, ಬೇಕಾದವರು ಬರೀತಾರೆ” ಅಂದರು. ಅವರು ಒಮ್ಮೆ ನಾಣ್ಯದಷ್ಟಗಲದ ಪರದೆಯಲ್ಲಿ “ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ” ಅಂತ ಬರೆದು ತೋರಿಸಲಿ, ನಾನು ಸುಮ್ಮನಾಗುತ್ತೇನೆ.

ನನ್ನ ಲೆಕ್ಕ ಸರಳ. ಸಂಜೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತು ಹೋಗುವವನನ್ನು ನೆನಪಿಸಿಕೊಳ್ಳಿ. ಒಂದು ಕೈ ಮೇಲಿನ ಕಂಬಿಯಲ್ಲಿ, ಇನ್ನೊಂದರಲ್ಲಿ ಚೀಲ ಅಥವಾ ಒದ್ದೆ ಕೊಡೆ. ಫೋನು ಚೀಲದ ಅಡಿಯಲ್ಲೆಲ್ಲೋ. ಅವನು ಮಣಿಕಟ್ಟು ತಿರುಗಿಸಿ ಒಮ್ಮೆ ನೋಡುವಷ್ಟರಲ್ಲಿ ಮುಗಿಯುವ ಕೆಲಸ ಮಾತ್ರ ವಾಚಿನದ್ದು. ಹುಡುಕುವುದು, ಆರಿಸುವುದು, ಬರೆಯುವುದು, ದುಡ್ಡು ಕಟ್ಟುವುದು, ಇವೆಲ್ಲ ಫೋನಿನದ್ದು. ಶುರು ಫೋನಿನಲ್ಲಿ, ಕೊನೆಯ ತುದಿ ಮಾತ್ರ ವಾಚಿನಲ್ಲಿ. ಈ ಲೆಕ್ಕದಲ್ಲಿ ನಮ್ಮ ಆ್ಯಪಿನಿಂದ ವಾಚಿಗೆ ಹೋಗಬೇಕಾದ್ದು ಎರಡೇ: ತೆಗೆದಿಟ್ಟ ಟಿಕೆಟ್ ತೋರಿಸುವುದು, ಇಳಿಯುವ ಸ್ಟಾಪ್ ಬರುವ ಮೊದಲು ಕೈಗೆ ನಡುಕ ಕೊಡುವುದು.

ಎರಡೇ ಆದರೆ ಕೆಲಸ ಸುಲಭ ಅಂತ ತಿಳಿಯಬೇಡಿ. ಟಿಕೆಟನ್ನೇ ತೆಗೆದುಕೊಳ್ಳಿ. ವಾಚಿನ ಮುಖ ಉರುಟು, ಅಡ್ಡಳತೆ ಸುಮಾರು 35 ಮಿಲಿಮೀಟರ್. ಅದರೊಳಗೆ ಹಿಡಿಸುವ ಚೌಕ ಹೆಚ್ಚೆಂದರೆ 25 ಮಿಲಿಮೀಟರ್. ಫೋನಿನ ಟಿಕೆಟಿನಲ್ಲಿ ಹೆಸರು, ಹತ್ತಿದ ಕಡೆ, ಇಳಿಯುವ ಕಡೆ, ಹೊತ್ತು ಎಲ್ಲ ಸೇರಿಸಿ ಇನ್ನೂರೈವತ್ತು ಅಕ್ಷರಗಳಷ್ಟನ್ನು ಕ್ಯೂಆರ್ ಕೋಡಿನೊಳಗೆ ತುರುಕಿದ್ದೇವೆ. ಅಷ್ಟಕ್ಕೆ ಸಾಲಿಗೆ 57 ಚುಕ್ಕಿ ಬೇಕು, ಸುತ್ತ ಬಿಡಬೇಕಾದ ಬಿಳಿ ಅಂಚು ಬೇರೆ. ಒಂದೊಂದು ಚುಕ್ಕಿ ಅರ್ಧ ಮಿಲಿಮೀಟರಿಗಿಂತಲೂ ಸಣ್ಣದಾಗುತ್ತದೆ. ಕುಲುಕುವ ಬಸ್ಸಿನಲ್ಲಿ ಕಂಡಕ್ಟರರ ಮೆಷಿನ್ ಅದನ್ನು ಓದಲು ಒದ್ದಾಡುತ್ತದೆ. ಅದೇ ಕೋಡಿನೊಳಗೆ ಬರೀ ಟಿಕೆಟ್ ನಂಬರ್ ಇಟ್ಟರೆ ಸಾಲಿಗೆ 25 ಚುಕ್ಕಿ ಸಾಕು, ಚುಕ್ಕಿಯ ಗಾತ್ರ ಹೆಚ್ಚುಕಡಿಮೆ ಇಮ್ಮಡಿ. ಉಳಿದ ವಿವರವನ್ನು ಮೆಷಿನ್ ಹುಡುಕಿಕೊಳ್ಳಲಿ. ನೆಟ್ ಸಿಗದ ಕಡೆಗೆ ಅಂತ ಅದೇ ನಂಬರನ್ನು ಕೆಳಗೆ ದಪ್ಪಕ್ಷರದಲ್ಲಿ ಹಾಕಿದರಾಯಿತು.

ಇನ್ನೊಂದು ಕಿತಾಪತಿ ಕೂತು ಡೆಮೊ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ನಾವು ವಾಚ್ ನೋಡುವಾಗ ಮುಖ ನಮ್ಮ ಕಡೆ ಇರುತ್ತದೆ. ಕಂಡಕ್ಟರರಿಗೆ ತೋರಿಸಲು ಕೈಯನ್ನು ಹೊರಗೆ ತಿರುಗಿಸಿದ ಕೂಡಲೇ ಇವನು ನೋಡಿ ಮುಗಿಸಿದ ಅಂತ ವಾಚು ಪರದೆಯನ್ನು ಮಬ್ಬು ಮಾಡಿಬಿಡುತ್ತದೆ. ಮೆಷಿನ್ ಹತ್ತಿರ ಬರುವಾಗ ಕೋಡೇ ಇಲ್ಲ. ಹಾಗಾಗಿ ಆ ಒಂದು ಪುಟಕ್ಕೆ ಮಾತ್ರ ಪರದೆ ಆರದಂತೆ ಹೇಳಿಡಬೇಕು, ಬೆಳಕನ್ನೂ ಏರಿಸಬೇಕು. ಆ ಪುಟದಲ್ಲಿ ಒಂದು ಬಟನ್ನೂ ಇರಬಾರದು. ಜುಲೈ ತಿಂಗಳ ಮಳೆಯಲ್ಲಿ ನೆನೆದು ಬಸ್ ಹತ್ತಿದವನ ವಾಚಿನ ಮೇಲೆ ನೀರಹನಿ ಬಿದ್ದರೆ ಅದನ್ನೂ ಬೆರಳು ಅಂದುಕೊಂಡು ಪುಟ ಎಲ್ಲಿಗೋ ಹಾರುತ್ತದೆ. ಇವರಿಗೆ ಅಲ್ಲಿ ಆಫರ್ ಬ್ಯಾನರ್ ಬೇಕಂತೆ. ಆಫರ್!

ಟಿಕೆಟ್ ವಾಚಿಗೆ ತಲುಪುವ ದಾರಿಯೂ ಮುಖ್ಯ. ತೋರಿಸುವ ಹೊತ್ತಿಗೆ ಫೋನಿನಿಂದ ತರಿಸಿಕೊಳ್ಳುವ ಹಾಗಿದ್ದರೆ ಫೋನ್ ಚಾರ್ಜ್ ಮುಗಿದವನು ಕೆಟ್ಟ. ವಾಚುಗಳಿಗೆಂದೇ ಗೂಗಲ್ ಮಾಡಿದ ವೇರ್ ಓಎಸ್‌ನಲ್ಲಿ ಎರಡು ದಾರಿ ಉಂಟು. `MessageClient` ಮೂಲಕ ಕಳಿಸಿದ್ದು ಆ ಕ್ಷಣಕ್ಕೆ ವಾಚಿನ ಸಂಪರ್ಕ ಇಲ್ಲದಿದ್ದರೆ ತಲುಪುವುದಿಲ್ಲ. `DataClient` ಮೂಲಕ ಇಟ್ಟದ್ದು ಸಂಪರ್ಕ ಮತ್ತೆ ಸಿಕ್ಕಾಗ ತಾನಾಗಿ ಹೋಗಿ ವಾಚಿನಲ್ಲೇ ಉಳಿಯುತ್ತದೆ. ಟಿಕೆಟ್ ಎರಡನೆಯದರಲ್ಲಿ, ಖರೀದಿಸಿದ ಕೂಡಲೇ ಹೋಗಬೇಕು.

ಇನ್ನು ಸ್ಟಾಪ್ ಎಚ್ಚರಿಕೆ. ಇದರ ಮೇಲೆ ನನಗೆ ಸ್ವಂತ ಆಸೆಯೂ ಉಂಟು, ಯಾಕೆಂದರೆ ಸುರತ್ಕಲ್ ದಾಟುವಾಗ ನಾನು ನಿದ್ದೆ ಹೋಗಿರುತ್ತೇನೆ, ಬಾಯಿ ತೆರೆದುಕೊಂಡು. ಮೀಟಿಂಗಿನಲ್ಲಿ ಒಬ್ಬ ಹುಡುಗ “ಕಾಪು ಸ್ಟಾಪಿನ ಸುತ್ತ 150 ಮೀಟರಿನ ಜಿಯೋಫೆನ್ಸ್ ಹಾಕಿದರಾಯಿತಲ್ಲ ಸರ್” ಅಂದ. ಅಂದರೆ ಮ್ಯಾಪಿನಲ್ಲೊಂದು ಕಾಣದ ಬೇಲಿ, ಫೋನು ಅದರೊಳಗೆ ಬಂದರೆ ಆ್ಯಪಿಗೆ ಸುದ್ದಿ ಹೋಗುತ್ತದೆ. ಹುಡುಗ ಒಳ್ಳೆಯವನು, ಆದರೆ ಬಸ್ಸಿನ ವೇಗವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆ್ಯಪ್ ಹಿನ್ನೆಲೆಯಲ್ಲಿ ಇರುವಾಗ ಆಂಡ್ರಾಯ್ಡ್ ಬ್ಯಾಟರಿ ಉಳಿಸಲಿಕ್ಕಾಗಿ ಈ ಸುದ್ದಿಯನ್ನು ಎರಡು ಮೂರು ನಿಮಿಷ ತಡವಾಗಿ ಕೊಡಬಹುದು. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಬಸ್ಸು ಅಷ್ಟರಲ್ಲಿ ಎರಡು ಮೂರು ಕಿಲೋಮೀಟರ್ ಮುಂದೆ. ಕಾಪುವಿನಲ್ಲಿ ಇಳಿಯಬೇಕಾದವನ ಕೈ ಕಟಪಾಡಿಯ ದಾರಿಯಲ್ಲಿ ನಡುಗುತ್ತದೆ. ಬಸ್ಸು ನಿಂತು ನಿಂತು ಹೋಗುವ ಕಡೆ ಪರೀಕ್ಷಿಸಿದರೆ ಇದು ಗೊತ್ತಾಗುವುದಿಲ್ಲ, ಹೆದ್ದಾರಿಯಲ್ಲೇ ನೋಡಬೇಕು.

ಅದಕ್ಕೆ ಟಿಕೆಟ್ ತೆಗೆದಲ್ಲಿಂದ ಇಳಿಯುವ ತನಕ ಫೋನೇ ಎಚ್ಚರವಾಗಿದ್ದು ಜಾಗ ನೋಡುತ್ತಿರಬೇಕು, ಅದೂ ಪ್ರಯಾಣಿಕನಿಗೆ ಕಾಣುವ ಹಾಗೆ ನೋಟಿಫಿಕೇಶನ್ ಹಾಕಿಕೊಂಡು. ಸ್ಟಾಪಿಗೆ ಮೂರು ಕಿಲೋಮೀಟರ್ ಇರುವಾಗ ವಾಚಿಗೆ ಒಂದು ನಡುಕ. ವಾಚಿನ ಜಿಪಿಎಸ್ ಮುಟ್ಟುವುದೇ ಬೇಡ. ಅದರೊಳಗಿನ ಬ್ಯಾಟರಿ ಎಷ್ಟು ಸಣ್ಣದು ಅಂತ ಬಿಚ್ಚಿ ನೋಡಿದವರಿಗೆ ಗೊತ್ತು.

“ಫೋನ್ ಮನೆಯಲ್ಲಿಟ್ಟು ಬರೀ ವಾಚಿನಲ್ಲಿ ಹೋಗುವವರು ಇಲ್ವಾ? ಸಿಮ್ ಇರುವ ವಾಚು ಬಂದಿಲ್ವಾ?” ಅಂತ ಈಗಲೇ ಕಮೆಂಟ್ ಬರೆಯಲು ಹೊರಟಿದ್ದೀರಿ, ಗೊತ್ತು. ಇದ್ದಾರೆ. ಬೆಳಿಗ್ಗೆ ಪಣಂಬೂರು ಬೀಚಿನಲ್ಲಿ ಓಡುತ್ತಾರೆ. ಓಟದ ಆ್ಯಪ್ ಮಾಡುವವರು ಅವರನ್ನು ನೋಡಿಕೊಳ್ಳಲಿ. ಉಡುಪಿಗೆ ಆಫೀಸಿಗೆ ಹೋಗುವವನು ಫೋನ್ ಬಿಟ್ಟು ಬಸ್ ಹತ್ತಿದರೆ ಅವನು ಮರಳಿ ಮನೆಗೆ ಓಡುತ್ತಾನೆ, ನಮ್ಮ ಆ್ಯಪ್ ತೆರೆಯುವುದಿಲ್ಲ.

ಇಷ್ಟೆಲ್ಲ ಜಗಳದ ನಡುವೆ ಯಾರೂ ಎತ್ತದ ವಿಷಯ ಒಂದುಂಟು. ನಮ್ಮ ಪ್ರಯಾಣಿಕರು ಕಟ್ಟಿಕೊಳ್ಳುವ ಎರಡು ಸಾವಿರದ ವಾಚುಗಳಲ್ಲಿ ಹೆಚ್ಚಿನವಕ್ಕೆ ಹೊರಗಿನ ಆ್ಯಪ್ ಹಾಕಲಿಕ್ಕೇ ಬರುವುದಿಲ್ಲ. ಫೋನಿಗೆ ಬಂದ ನೋಟಿಫಿಕೇಶನ್ ತೋರಿಸುತ್ತವೆ, ಅಷ್ಟೆ. ಅಂಥವರಿಗೆ ನಮ್ಮ ವಾಚ್ ಆ್ಯಪ್ ಎಂದರೆ ಆ ನೋಟಿಫಿಕೇಶನ್ನಿನ ಮೊದಲ ಸಾಲು. ಈಗ ಹೋಗುತ್ತಿರುವುದು ಹೀಗೆ: “ಪ್ರಿಯ ಪ್ರಯಾಣಿಕರೇ, ನಮ್ಮೊಂದಿಗೆ ಪ್ರಯಾಣಿಸಿದ್ದಕ್ಕಾಗಿ ಧನ್ಯವಾದಗಳು, ನೀವು ಇಳಿಯುವ ನಿಲ್ದಾಣವಾದ...” ವಾಚಿನಲ್ಲಿ ಧನ್ಯವಾದಕ್ಕೇ ಜಾಗ ಮುಗಿಯಿತು, ನಿಲ್ದಾಣ ಬರಲೇ ಇಲ್ಲ. ಕೆಲವು ವಾಚುಗಳಲ್ಲಿ ಕನ್ನಡದ ಬದಲು ಬರೀ ಚೌಕಗಳ ಸಾಲು. ಅಂಥವರು ಭಾಷೆ ಬದಲಿಸಿಕೊಳ್ಳಲು ಸೆಟ್ಟಿಂಗ್ ಬೇಕು, ಅದು ಫೋನಿನಲ್ಲಿ.

ನಾನು ಬರೆದುಕೊಟ್ಟ ಸಾಲು: “ಕಾಪು, 3 ಕಿ.ಮೀ. ಇಳಿಯಲು ತಯಾರಾಗಿ.” ಹೆಸರು ಮೊದಲು, ಉಳಿದದ್ದು ಕತ್ತರಿಸಿ ಹೋದರೂ ನಷ್ಟವಿಲ್ಲ. “ಸ್ವಲ್ಪ ಒರಟಾಯ್ತು, ಮರ್ಯಾದೆ ಸೇರಿಸಿ” ಅಂತ ವಾಪಸ್ ಕಳಿಸಿದ್ದಾರೆ. ನಮ್ಮ ಕಂಡಕ್ಟರುಗಳು “ಕಾಪು ಕಾಪು ಕಾಪು” ಅಂತ ಬಾಗಿಲು ಬಡಿದು ಕೂಗುವಾಗ ಯಾರೂ ಮರ್ಯಾದೆ ಕೇಳಿದ್ದು ನಾನಂತೂ ನೋಡಿಲ್ಲ.