ಪಾಡ್ದನದ ಸಾಕ್ಷ್ಯ: ಒಂದು ಸ್ಪಷ್ಟನೆ

“ಕೋಟಿ ಚೆನ್ನಯರ ಪಾಡ್ದನ ಐನೂರು ವರ್ಷಗಳಿಂದ ಒಂದಕ್ಷರವೂ ಬದಲಾಗದೆ ಬಂದಿದೆ, ಅದರಲ್ಲಿರುವುದೆಲ್ಲ ನಡೆದದ್ದೇ.”

ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಕಥೆ ಹೇಳುವ ತುಳು ಹಾಡುಗಥೆಯಾದ ಪಾಡ್ದನದ ಬಗ್ಗೆ ಮಂಜೇಶ್ವರ, ಕುಂಬಳೆ ಕಡೆ ಹರಿದಾಡುತ್ತಿರುವ ಈ ಮಾತಿನ ಮೊದಲರ್ಧವೇ ನಿಲ್ಲುವುದಿಲ್ಲ. ನೇಜಿ ನೆಡುವ ಹೆಂಗಸರ ಬಾಯಲ್ಲಿ ಪಾಡ್ದನ ಕೆಲಸದ ಉದ್ದಕ್ಕೆ ತಕ್ಕಂತೆ ಬೆಳೆಯುತ್ತದೆ, ದೈವಾರಾಧನೆಯ ನೇಮದಲ್ಲಿ ವಿಧಿಗೆ ಬೇಕಾದಷ್ಟಕ್ಕೆ ನಿಲ್ಲುತ್ತದೆ. 1882ರಲ್ಲಿ ತೀರಿಕೊಂಡ ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಅವರ ಸಂಗ್ರಹದ ಪಾಡ್ದನಗಳು 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚಾಗಿರುವುದರಿಂದ, ಇಂದಿನ ಹಾಡಿಕೆಯನ್ನು ಅವುಗಳ ಪಕ್ಕದಲ್ಲಿಟ್ಟು ನೋಡಲು ಯಾರಿಗೂ ಅಡ್ಡಿಯಿಲ್ಲ.

ಹಾಗೆಂದು ಎಲ್ಲವನ್ನೂ ಕಟ್ಟುಕಥೆ ಎಂದು ತಳ್ಳುವುದೂ ಅವಸರವೇ. ಪಡುಮಲೆಯಲ್ಲಿ ಕೋಟಿ ಚೆನ್ನಯರಿಗೆ ಬಲ್ಲಾಳನ ಮಂತ್ರಿ ಬುದ್ಯಂತನೊಂದಿಗೆ ಗದ್ದೆಯ ವಿಷಯದಲ್ಲಿ ಎದ್ದ ಜಗಳದ ಮಾತುಮಾತೂ ಹಾಗೆಯೇ ನಡೆಯಿತೆಂದು ಹೇಳಲಾಗದಿದ್ದರೂ, ಊರಾಳುವ ಬಲ್ಲಾಳನ ಆಪ್ತನೊಬ್ಬ ಪಕ್ಕದ ಗದ್ದೆಯವನ ಮೇಲೆ ಎಷ್ಟು ದರ್ಪ ತೋರಬಹುದೆಂದು ಕೇಳುವವರು ನಂಬಿದ್ದರೆಂಬುದಕ್ಕೆ ಅದು ಗಟ್ಟಿ ಸಾಕ್ಷ್ಯ. ಈ ವೀರರು ಪಡುಮಲೆಯಿಂದ ಪಂಜಕ್ಕೆ, ಅಲ್ಲಿಂದ ಎಣ್ಮೂರಿಗೆ ಸಾಗುವ ದಾರಿ ದೂರದೂರದ ಹಾಡುಗಾರರಲ್ಲಿ ಒಂದೇ ಆಗಿದ್ದರೆ ಅದಕ್ಕೂ ತೂಕವಿದೆ. ಆದರೆ ಅವರು ಒಂದೇ ಕ್ಯಾಸೆಟ್, ನಾಟಕ ಅಥವಾ ಪುಸ್ತಕದಿಂದ ಕಲಿತವರಲ್ಲ ಎಂಬುದು ಮೊದಲು ಖಚಿತವಾಗಬೇಕು. (ಇದನ್ನು ಕೇಳುವವರೇ ಕಡಿಮೆ.)

ಯಾವುದೇ ಪಾಡ್ದನದಲ್ಲಿ ಹೊಗೆಸೊಪ್ಪು ಬಂದರೆ, ಅದು ಪೋರ್ಚುಗೀಸರ ಕಾಲಕ್ಕಿಂತ ಮೊದಲು ಇಲ್ಲಿ ಇರಲಿಲ್ಲವಾದ್ದರಿಂದ, ಆ ಸಾಲು ಅನಂತರದ್ದು. ಅಷ್ಟರಿಂದ ಇಡೀ ಹಾಡು ಹೊಸದಾಗುವುದಿಲ್ಲ. ಇನ್ನು ಇಸವಿಯ ಮಾತು: ಕೋಟಿ ಚೆನ್ನಯರಿಗೆ ಈಗ ಹೇಳುವ ಇಸವಿಗಳು ನಂತರದವರು ಮಾಡಿದ ಊಹೆಗಳು, ಅವನ್ನು ಪಾಡ್ದನದ ಹೇಳಿಕೆಯೆಂದು ಉಲ್ಲೇಖಿಸುವುದು ತಪ್ಪು.